ಫೋಟೊದಲ್ಲಿ ಓದಿದಂತೆ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಗೆಳೆಯ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ಅವನ ಕಡತದಲ್ಲಿ ಒಂದರ ಹಿಂದೊಂದು ಎರಡು ಪತ್ರಗಳಿವೆ. ಎರಡೂ ಮಾಲು ಕೊಟ್ಟವರಿಗೆ ಬರೆದವು, ಎರಡರ ವಿಷಯವೂ ಬಿಲ್ಲಿನ ಮೊತ್ತ ಖರೀದಿ ಆದೇಶಕ್ಕೆ ತಾಳೆಯಾಗದಿರುವುದು. ಮೊದಲನೆಯದರಲ್ಲಿ ಇರುವುದು ಒಂದೇ ಸಾಲು: ‘ತಮ್ಮ ಬಿಲ್ಲಿನ ಮೊತ್ತ ತಪ್ಪಾಗಿದೆ, ಸರಿಪಡಿಸಿ ಕಳುಹಿಸಿ.’ ಎರಡನೆಯದು ಶುರುವಾಗುವುದೇ ಬೇರೆ ರೀತಿ: ‘ತಾವು ಕಳುಹಿಸಿದ ಫೋಟೊದಲ್ಲಿ ನಾವು ಓದಿದಂತೆ...’ ಈ ‘ಓದಿದಂತೆ’ ಎಂಬ ಮಾತು ಪತ್ರದೊಳಗೆ ಹೇಗೆ ಬಂತೆಂದು ಕೇಳಿದೆ. ಅವನು ಹೇಳಿದ ಕಥೆ ನನ್ನನ್ನು ಜರ್ಮನಿಯವರೆಗೂ ಕರೆದೊಯ್ದಿತು.

ಈಗ ಬಿಲ್ಲು ಹೆಚ್ಚಾಗಿ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಲಾರಿ ಚಾಲಕನೋ ಗೋದಾಮಿನ ಹುಡುಗನೋ ಮೊಬೈಲಿನಲ್ಲಿ ಹಿಡಿದ ಫೋಟೊ ಅದು. ಕಚೇರಿಯ ಸಾಫ್ಟ್‌ವೇರ್ ಆ ಫೋಟೊದಿಂದ ಅಂಕಿಗಳನ್ನು ಓದಿ ಖರೀದಿ ಆದೇಶದ ಪಕ್ಕ ಇಡುತ್ತದೆ, ತಾಳೆಯಾಗದಿದ್ದರೆ ಕೆಂಪು ತೋರಿಸುತ್ತದೆ. ಮೊದಲ ಪತ್ರ ಹೊರಟದ್ದು ಅಂಥ ಒಂದು ಕೆಂಪನ್ನು ಕಂಡು. ಆದೇಶ 48,380 ರೂಪಾಯಿಯದು, ಯಂತ್ರ ಓದಿದ್ದು 43,380. ಯಾರೂ ಫೋಟೊ ತೆರೆಯಲಿಲ್ಲ. ಪತ್ರ ಹೋದ ದಿನವೇ ಆ ಕಡೆಯ ಹಿರಿಯರು ಫೋನ್ ಮಾಡಿದರು. ‘ನಮ್ಮ ಬಿಲ್ಲನ್ನ ಒಂದ್ಸಲ ಕಣ್ಣಾರೆ ನೋಡಿದ್ರಾ ಸ್ವಾಮಿ?’ ಎಂದಷ್ಟೇ ಕೇಳಿದರಂತೆ. ಫೋಟೊ ತೆರೆದರೆ ಅಲ್ಲಿದ್ದದ್ದು 48,380. ಮಸುಕಾದ 8ರ ಎಡಭಾಗ ಅಳಿಸಿದಂತಾಗಿ, ಯಂತ್ರಕ್ಕೆ ಅದು 3 ಆಗಿ ಕಂಡಿತ್ತು. ಕೆಳಗೆ ಅಕ್ಷರದಲ್ಲಿ ನಲವತ್ತೆಂಟು ಸಾವಿರದ ಮುನ್ನೂರ ಎಂಬತ್ತು ಎಂದು ಸ್ಪಷ್ಟವಾಗಿಯೇ ಬರೆದಿತ್ತು.

ಅಂಕಿಯ ಜೊತೆ ಅಕ್ಷರದಲ್ಲೂ ಬರೆಯುವ ರೂಢಿ ಸುಮ್ಮನೆ ಬಂದದ್ದಲ್ಲ. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರವೇ ಊರ್ಜಿತ ಎಂದು 1881ರ ವರ್ಗಾವಣೀಯ ಲಿಖಿತಗಳ ಕಾಯಿದೆಯ 18ನೇ ಕಲಮು ಹೇಳುತ್ತದೆ. ಬಿಲ್ಲಿಗೆ ಆ ಕಲಮು ಅನ್ವಯಿಸುವುದಿಲ್ಲ. ಆದರೂ ಹಳೆಯ ಗುಮಾಸ್ತರು ಮೊದಲು ಕಣ್ಣು ಹಾಯಿಸುತ್ತಿದ್ದದ್ದು ಅಕ್ಷರದ ಸಾಲಿನ ಮೇಲೆಯೇ. ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಚಿಕ್ಕಪ್ಪ ಬಿಲ್ಲನ್ನು ಒಬ್ಬರೇ ನೋಡುತ್ತಿರಲಿಲ್ಲ. ಒಬ್ಬರು ಕೂಗಿ ಓದಬೇಕು, ಇನ್ನೊಬ್ಬರು ಆದೇಶದ ಪ್ರತಿಯ ಮೇಲೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಬೇಕು. ಆ ಕೂಗು ಈಗ ಯಾವ ಕಚೇರಿಯಲ್ಲೂ ಕೇಳಿಸುವುದಿಲ್ಲ. ಎರಡನೆಯ ಜೋಡಿ ಕಣ್ಣುಗಳನ್ನು ಇಷ್ಟು ಸುಲಭವಾಗಿ ಬಿಟ್ಟುಕೊಟ್ಟೆವಲ್ಲ ಎಂದು ನನಗೆ ನಿಜಕ್ಕೂ ಬೇಸರವಿದೆ.

ಆ ಫೋನ್ ಬಂದ ಮೇಲೆ ಗೆಳೆಯನಿಗೆ ಇನ್ನೊಂದು ಅನುಮಾನ ಹತ್ತಿತು. ಯಂತ್ರ ತಪ್ಪು ಓದಬಹುದು, ಸರಿ. ಆದರೆ ಚಿತ್ರವೇ ತಪ್ಪಾಗಿದ್ದರೆ? ಇದಕ್ಕೆ ಉತ್ತರ 2013ರಲ್ಲೇ ಸಿಕ್ಕಿತ್ತು. ಆ ಬೇಸಿಗೆಯಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಅವರ ಕೈಗೆ ಒಂದು ಕಟ್ಟಡದ ನಕ್ಷೆ ಬಂತು. ಮೂಲದಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11 ಮತ್ತು 17.42 ಚದರ ಮೀಟರ್. ಝೆರಾಕ್ಸ್ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಮೂರು ಕೋಣೆಗೂ 14.13. ಅಕ್ಷರ ಗುರುತಿಸುವ ಸಾಫ್ಟ್‌ವೇರ್ ಅಲ್ಲಿ ಕೆಲಸವನ್ನೇ ಮಾಡಿರಲಿಲ್ಲ. ಬರೀ ಸ್ಕ್ಯಾನ್, ಬರೀ ಚಿತ್ರ.

ಕ್ರೀಸೆಲ್ ಬಿಡಲಿಲ್ಲ. ಹಾಳೆಯ ಮೇಲೆ ಹಾಳೆ ಸ್ಕ್ಯಾನ್ ಮಾಡುತ್ತಾ ಹೋದರು. ಒಂದು ವೆಚ್ಚದ ಪಟ್ಟಿಯಲ್ಲಿ 65 ಇದ್ದದ್ದು 85 ಆಗಿತ್ತು. ಪಟ್ಟಿ ಏರಿಕೆಯ ಕ್ರಮದಲ್ಲಿದ್ದುದರಿಂದ ಮಾತ್ರ ಅದು ಕಣ್ಣಿಗೆ ಬಿತ್ತು. ಕಾರಣ ಇದ್ದದ್ದು ಫೈಲಿನ ಗಾತ್ರ ಇಳಿಸುವ ಜೆಬಿಐಜಿ2 ವಿಧಾನದಲ್ಲಿ. ಯಂತ್ರ ಪುಟವನ್ನು ಚಿಕ್ಕ ಚಿಕ್ಕ ತುಣುಕು ಮಾಡುತ್ತದೆ, ಒಂದೇ ತರಹ ಕಾಣುವ ತುಣುಕುಗಳಲ್ಲಿ ಒಂದನ್ನಷ್ಟೇ ಇಟ್ಟುಕೊಳ್ಳುತ್ತದೆ, ಉಳಿದ ಕಡೆಯೆಲ್ಲ ಅದನ್ನೇ ಅಂಟಿಸುತ್ತದೆ. ಸಣ್ಣ ಅಚ್ಚಿನ 6 ಮತ್ತು 8 ಅದಕ್ಕೆ ಒಂದೇ ಆಗಿ ಕಂಡರೆ 6ರ ಜಾಗದಲ್ಲಿ ಅಚ್ಚುಕಟ್ಟಾದ 8 ಬಂದು ಕೂರುತ್ತದೆ. ಮಸುಕಾದ ಅಂಕಿಯನ್ನು ಕಣ್ಣು ಅನುಮಾನಿಸುತ್ತದೆ, ಇದನ್ನು ಅನುಮಾನಿಸಲು ಕಣ್ಣಿಗೆ ಕಾರಣವೇ ಇರುವುದಿಲ್ಲ. ಗುಣಮಟ್ಟದ ಆಯ್ಕೆಯನ್ನು ಹೆಚ್ಚಿಸಿಕೊಂಡರೆ ಸಾಕೆಂದು ಕಂಪನಿ ಮೊದಲು ಹೇಳಿತು. ಹೆಚ್ಚಿನ ಗುಣಮಟ್ಟದಲ್ಲೂ ಅಂಕಿ ಬದಲಾಗುವುದನ್ನು ಕ್ರೀಸೆಲ್ ತೋರಿಸಿದರು. ಕೊನೆಗೆ ಕಂಪನಿ ತಿದ್ದಿದ ಸಾಫ್ಟ್‌ವೇರ್ ಬಿಡುಗಡೆ ಮಾಡಿತು.

ಇದನ್ನು ಓದಿದ ಮೇಲೆ ಗೆಳೆಯ ಒಂದು ಪದ್ಧತಿ ಮಾಡಿಕೊಂಡ. ವ್ಯತ್ಯಾಸ ಕಂಡರೆ ಮೊದಲು ವ್ಯತ್ಯಾಸದ ಮೊತ್ತವನ್ನೇ ನೋಡುವುದು. ಒಂದೇ ಅಂಕಿ ತಪ್ಪಾಗಿ ಓದಿದ್ದರೆ ವ್ಯತ್ಯಾಸದಲ್ಲಿ ಒಂದು ಅಂಕಿ ಉಳಿದು ಮಿಕ್ಕದ್ದೆಲ್ಲ ಸೊನ್ನೆಯಾಗಿರುತ್ತದೆ: 8 ಮತ್ತು 3 ಅದಲುಬದಲಾದರೆ 5,000 ಅಥವಾ 500, 1 ಮತ್ತು 7 ಆದರೆ 600. ಪಕ್ಕಪಕ್ಕದ ಎರಡು ಅಂಕಿಗಳನ್ನು ಮನುಷ್ಯರು ಹಿಂದುಮುಂದಾಗಿ ಟೈಪ್ ಮಾಡಿದ್ದರೆ ವ್ಯತ್ಯಾಸ 9ರಿಂದ ಭಾಗವಾಗುತ್ತದೆ. ಇದು ಚಿಕ್ಕಪ್ಪನ ಕಾಲದ ಗುಮಾಸ್ತರಿಗೂ ಗೊತ್ತಿದ್ದ ಉಪಾಯ. ನಿಜವಾಗಿಯೇ ಏನೋ ಸೇರಿಸಿದ್ದರೆ ಅದಕ್ಕೆ ತೆರಿಗೆಯೂ ಸೇರಿರುತ್ತದೆ. ಶೇ 18ರ ಜಿಎಸ್‌ಟಿ ಇರುವ ಮಾಲಿನಲ್ಲಿ ವ್ಯತ್ಯಾಸವನ್ನು 1.18ರಿಂದ ಭಾಗಿಸಿದಾಗ ದುಂಡನೆಯ ಮೊತ್ತ ಬಂದರೆ, ಅದು ಓದಿನ ತಪ್ಪಾಗಿರುವ ಸಾಧ್ಯತೆ ಬಹಳ ಕಡಿಮೆ. ಇವೆಲ್ಲ ಸುಳಿವುಗಳು ಅಷ್ಟೇ. ತೀರ್ಮಾನ ಆಗಬೇಕಾದದ್ದು ಬಿಲ್ಲಿನ ಮುಂದೆ ಕೂತೇ.

ಎರಡನೆಯ ಪತ್ರದ ಹಿಂದಿನ ಲೆಕ್ಕ ಹೀಗಿತ್ತು. ಆದೇಶ 240 ಬೇರಿಂಗ್‌ಗೆ, ಒಂದಕ್ಕೆ 425 ರೂಪಾಯಿ. ಬೆಲೆ 1,02,000, ತೆರಿಗೆ 18,360, ಒಟ್ಟು 1,20,360. ಫೋಟೊದಿಂದ ಓದಿದ್ದು 1,26,260. 0 ಇದ್ದಲ್ಲಿ 6, 3 ಇದ್ದಲ್ಲಿ 2 ಎಂದು ಓದಿರಬೇಕೆಂದು ಎಲ್ಲರಿಗೂ ಅನ್ನಿಸಿತು, ಹಿಂದಿನ ಪೆಟ್ಟು ನೆನಪಿತ್ತಲ್ಲ. ಆದರೆ ವ್ಯತ್ಯಾಸ 5,900. ಅದನ್ನು 1.18ರಿಂದ ಭಾಗಿಸಿದರೆ ಸರಿಯಾಗಿ 5,000. ಫೋಟೊವನ್ನು ದೊಡ್ಡದು ಮಾಡಿ ನೋಡಿದಾಗ ಕಾಗದದ ಮಡಿಕೆಯಲ್ಲಿ ಒಂದು ಸಾಲು ಸಿಕ್ಕಿತು: ಸಾಗಣೆ ವೆಚ್ಚ 5,000. ಯಂತ್ರ ಒಟ್ಟು ಮೊತ್ತವನ್ನು ಸರಿಯಾಗಿಯೇ ಓದಿತ್ತು, ಆ ಸಾಲನ್ನು ಬಿಟ್ಟಿತ್ತು. ಆದೇಶದಲ್ಲಿ ದರ ಸಾಗಣೆಯೂ ಸೇರಿದ್ದು ಎಂದು ಬರೆದಿತ್ತು. ಆಗ ಹೋದ ಪತ್ರ ಇದು:

‘ಮಾನ್ಯರೇ, ತಾವು ಕಳುಹಿಸಿದ ಬಿಲ್ಲಿನ ಫೋಟೊದಲ್ಲಿ ನಾವು ಓದಿದಂತೆ ಒಟ್ಟು ಮೊತ್ತ ರೂ. 1,26,260. ಇದನ್ನು ನಮ್ಮವರು ಕಣ್ಣಿನಿಂದಲೂ ನೋಡಿ ಖಚಿತಪಡಿಸಿದ್ದಾರೆ. ನಮ್ಮ ಖರೀದಿ ಆದೇಶದ ಮೊತ್ತ ರೂ. 1,20,360. ವ್ಯತ್ಯಾಸ ರೂ. 5,900. ಇದು ಸಾಗಣೆ ವೆಚ್ಚ ರೂ. 5,000 ಮತ್ತು ಅದರ ತೆರಿಗೆ ರೂ. 900 ಎಂದು ತೋರುತ್ತದೆ. ಆದೇಶದ ದರದಲ್ಲಿ ಸಾಗಣೆ ಸೇರಿದೆ. ಮಾಲಿನ ಎಣಿಕೆ 240 ಸರಿಯಾಗಿದೆ, ಆ ಬಗ್ಗೆ ತಕರಾರಿಲ್ಲ. ದಯವಿಟ್ಟು ಮೂಲ ಬಿಲ್ಲಿನ ಪಿಡಿಎಫ್ ಪ್ರತಿ ಕಳುಹಿಸಿ. ನಾವು ಓದಿದ್ದು ಸರಿಯಿದ್ದರೆ ರೂ. 5,900ಕ್ಕೆ ಕ್ರೆಡಿಟ್ ನೋಟ್ ಕೊಡಬೇಕಾಗಿ ವಿನಂತಿ. ಓದಿದ್ದು ತಪ್ಪಿದ್ದರೆ ಈ ಪತ್ರವನ್ನು ಕೈಬಿಡುತ್ತೇವೆ. ಆದೇಶದಂತೆ ರೂ. 1,20,360 ಗಡುವಿನೊಳಗೆ ಪಾವತಿಯಾಗುತ್ತದೆ.’

ಕ್ರೆಡಿಟ್ ನೋಟ್ ಕೇಳಿದ್ದಕ್ಕೆ ಕಾರಣವಿದೆ. ಮೊದಲಾದರೆ ಎಷ್ಟೋ ಕಡೆ ಬಿಲ್ಲಿನ ಮೇಲೆ ಗೆರೆ ಎಳೆದು, ಮೊತ್ತ ತಿದ್ದಿ, ಸಹಿ ಹಾಕಿ ಮುಗಿಸುತ್ತಿದ್ದರು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ, ಬಿಲ್ಲಿನಲ್ಲಿ ಹೆಚ್ಚಿಗೆ ಹಾಕಿದ ತೆರಿಗೆಯನ್ನು ಇಳಿಸಬೇಕಾದರೆ ಮಾಲು ಕೊಟ್ಟವರೇ ಕಾಯಿದೆಯ 34ನೇ ಕಲಮಿನಂತೆ ಕ್ರೆಡಿಟ್ ನೋಟ್ ಕೊಡಬೇಕು. ಕೊಂಡವರು ಸುಮ್ಮನೆ ಕಡಿಮೆ ಹಣ ಕೊಟ್ಟರೆ ಇಬ್ಬರ ಲೆಕ್ಕದಲ್ಲೂ ತೆರಿಗೆಯ ಅಂಕಿ ಮೂಲ ಬಿಲ್ಲಿನಂತೆಯೇ ಉಳಿದುಬಿಡುತ್ತದೆ.

ಪಿಡಿಎಫ್ ಮರುದಿನ ಬಂತು, ಕ್ರೆಡಿಟ್ ನೋಟ್ ಅದೇ ವಾರ. ಪಿಡಿಎಫ್‌ನಲ್ಲಿ ಸಾಗಣೆಯ ಸಾಲಿಗೆ ಮಡಿಕೆ ಇರಲಿಲ್ಲ. ಗೆಳೆಯ ಅದನ್ನು ಮುದ್ರಿಸಿ ಪಕ್ಕದ ಮೇಜಿನ ಹುಡುಗಿಯ ಕೈಗೆ ಕೊಟ್ಟ. ಅವಳು ಒಂದೊಂದೇ ಸಾಲು ಗಟ್ಟಿಯಾಗಿ ಓದಿದಳು, ಇವನು ಗುರುತು ಹಾಕಿದ.