ಫೋನಿನಲ್ಲಿ ಹಣ, ನೋಟಿಸಿನ ಭಯ

‘ಅಂಕಲ್, ಯುಪಿಐ ಯಾಕೆ ಬೇಡ ಅಂತೀರಾ?’ ಬಿ.ಕಾಂ. ಓದುವ ಹುಡುಗಿ ಕಿರಾಣಿ ಅಂಗಡಿಯಲ್ಲಿ ಕೇಳಿದಳು.

‘ಹೋದ ವರ್ಷ ಎಷ್ಟು ಅಂಗಡಿಗೆ ಜಿಎಸ್‌ಟಿ ನೋಟಿಸ್ ಬಂತು, ನೋಡ್ಲಿಲ್ವೇನಮ್ಮಾ?’

ಭಯಕ್ಕೆ ಕಾರಣವಿತ್ತು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಹಲವರು ಕ್ಯೂಆರ್ ಫಲಕವನ್ನೇ ತೆಗೆದಿದ್ದರು.

‘ದಿನದ ವ್ಯಾಪಾರ ಎಷ್ಟು?’

‘ಎಂಟು ಸಾವಿರ ಅಂತಿಟ್ಕೋ.’

‘ವರ್ಷಕ್ಕೆ 29 ಲಕ್ಷದ 20 ಸಾವಿರ. ನಮ್ಮ ರಾಜ್ಯದಲ್ಲಿ ಸರಕು ಮಾತ್ರ ಮಾರುವವರಿಗೆ ನೋಂದಣಿ ಮಿತಿ 40 ಲಕ್ಷ. ನೀವು ಒಳಗೇ ಇದ್ದೀರಿ. ಈ ಲೆಕ್ಕದಲ್ಲಿ ನಗದೂ ಸೇರುತ್ತೆ ಅಂಕಲ್, ಫೋನ್ ಬಿಟ್ಟರೆ ಮಿತಿ ಬದಲಾಗಲ್ಲ.’

‘ತಮ್ಮ ಕಳಿಸೋ ದುಡ್ಡೂ ಅದೇ ಖಾತೆಗೆ ಬರುತ್ತಲ್ಲ?’

ಪ್ರಶ್ನೆ ಸರಿಯಾದದ್ದು. ಸಾಲ ತೀರಿಸಿದ ಹಣ, ಮನೆಯವರು ಕಳಿಸಿದ ಹಣ ವ್ಯಾಪಾರವಲ್ಲ. ಆದರೆ ಬ್ಯಾಂಕ್ ಪಟ್ಟಿಯಲ್ಲಿ ಎಲ್ಲವೂ ಬರೀ ಜಮೆ. ಅಂಗಡಿಗೇ ಬೇರೆ ಖಾತೆ ತೆರೆದು ಅದಕ್ಕೆ ಕ್ಯೂಆರ್ ಮಾಡಿಸಿದರೆ ಈ ಗೊಂದಲ ಇರದು. ಖರೀದಿ ಬಿಲ್ಲುಗಳನ್ನೂ ಜೋಪಾನ ಮಾಡಬೇಕು.

‘ಗಿರಾಕಿ ಸ್ಕ್ರೀನ್‌ಶಾಟ್ ತೋರಿಸಿದ್ರೆ?’

‘ನಂಬಬೇಡಿ. ನಿಮ್ಮ ಆಪ್‌ನಲ್ಲೋ ಖಾತೆಯಲ್ಲೋ ಜಮೆ ಕಾಣಬೇಕು. ಹಣ ಪಡೆಯೋಕೆ ಪಿನ್ ಬೇಕಿಲ್ಲ. ಯಾರಾದರೂ ಪಿನ್ ಹಾಕಿ ಅಂದರೆ ಅದು ಮೋಸ.’

ನೋಟಿಸ್ ಬಂದರೆ ಅದು ತೆರಿಗೆಯ ಅಂತಿಮ ಆದೇಶವೆಂದು ಹೆದರದೆ, ಲೆಕ್ಕದ ಪುಸ್ತಕದೊಂದಿಗೆ ಗಡುವಿನೊಳಗೆ ಉತ್ತರ ಕೊಡಿ.