ರೋಗಿ ಆಡಿದ್ದೇನು, ವರದಿ ಹೇಳುವುದೇನು?

ಮಾನಸಿಕ ಸ್ಥಿತಿ ಪರೀಕ್ಷೆಯ ವರದಿಯಲ್ಲಿ ‘ಆಲೋಚನೆ ಅಸಂಬದ್ಧ’ ಎಂದಷ್ಟೇ ಬರೆದರೆ ಓದುವ ವೈದ್ಯರಿಗೆ ಏನೂ ತಿಳಿಯದು. ಊಟವಾಯಿತೇ ಎಂದರೆ ರೋಗಿ ಅಕ್ಕಿ, ರೇಷನ್ ಅಂಗಡಿ, ಅಲ್ಲಿನ ಕ್ಯೂ ಎಂದೆಲ್ಲ ಸುತ್ತಿ ಕೊನೆಗೆ ‘ಆಯಿತು’ ಎನ್ನಬಹುದು. ಉತ್ತರಕ್ಕೆ ಬಾರದೇ ಹೋಗಲೂಬಹುದು. ಇವು ಬೇರೆ ಬೇರೆ ದೋಷಗಳು. ಹಾಗಾಗಿ ತರಬೇತಿಯ ವೈದ್ಯರು ಪ್ರಶ್ನೆ, ಉತ್ತರ ಎರಡನ್ನೂ ಆಡಿದಂತೆಯೇ ಬರೆಯಬೇಕು. ತನ್ನನ್ನು ಕೊಲ್ಲುತ್ತಾರೆಂಬ ನಂಬಿಕೆ ಇಲ್ಲಿಗೆ ಸೇರದು. ಅದು ಆಲೋಚನೆಯ ವಸ್ತು, ರೂಪವಲ್ಲ.

ಗ್ರಹಿಕೆಯಲ್ಲಿ ‘ಧ್ವನಿ ಕೇಳಿಸುತ್ತದೆ’ ಎಂಬುದು ಅರ್ಧ ಮಾಹಿತಿ. ಅದು ಹೊರಗಿನಿಂದಲೋ ತಲೆಯೊಳಗೋ, ರೋಗಿಯನ್ನೇ ಮಾತಾಡಿಸುತ್ತದೋ ಅವನ ಬಗ್ಗೆ ಆಡಿಕೊಳ್ಳುತ್ತದೋ, ಮುಖ್ಯವಾಗಿ, ಆಜ್ಞೆ ಮಾಡುತ್ತದೋ ಎಂಬುದು ಬೇಕು.

ಒಳನೋಟಕ್ಕೆ ‘ಭಾಗಶಃ’ ಎಂಬ ಪದ ಸಾಲದು. ‘ನಿದ್ದೆಗೆಂದು ಮಾತ್ರೆ ನುಂಗುತ್ತೇನೆ, ಬೈಯುವುದು ಪಕ್ಕದ ಮನೆಯವರೇ’ ಎಂದವರು ಚಿಕಿತ್ಸೆ ಒಪ್ಪಿದ್ದಾರೆ, ಕಾಯಿಲೆಯನ್ನಲ್ಲ.