ಡೇಕೇರ್ ನೋಡಲು ಸಂಜೆ ಹೋಗಿ

ಡೇಕೇರ್ ನೋಡಲು ಹೆಚ್ಚಿನವರು ಬೆಳಿಗ್ಗೆ ಹನ್ನೊಂದಕ್ಕೆ ಹೋಗುತ್ತಾರೆ. ಆಗ ಎಲ್ಲವೂ ಅಚ್ಚುಕಟ್ಟಾಗಿರುತ್ತದೆ. ನಿಜ ಸ್ಥಿತಿ ತಿಳಿಯುವುದು ಸಂಜೆ ಐದೂವರೆಗೆ, ಮಕ್ಕಳು ದಣಿದು ರಚ್ಚೆ ಹಿಡಿಯುವ ಹೊತ್ತಿನಲ್ಲಿ. ಅಳುವ ಮಗುವನ್ನು ಆಯಾ ಎತ್ತಿಕೊಂಡು ಸಮಾಧಾನ ಮಾಡುತ್ತಾರೋ, ಟಿವಿ ಮುಂದೆ ಕೂರಿಸುತ್ತಾರೋ ನೋಡಿ. ಒಬ್ಬೊಬ್ಬರ ಕೈಗೆ ಎಷ್ಟು ಮಕ್ಕಳು ಎಂದು ಎಣಿಸಿ.

ಗೇಟಿನ ಬಳಿಯೂ ಸ್ವಲ್ಪ ನಿಲ್ಲಿ. ಮಗುವನ್ನು ಕರೆದೊಯ್ಯಲು ಹೊಸಬರು ಬಂದರೆ ಗುರುತು ಕೇಳಿ, ಪೋಷಕರಿಗೆ ಫೋನ್ ಮಾಡಿಯೇ ಕಳಿಸಬೇಕು. ಮಗು "ಮಾಮಾ" ಎಂದು ಓಡಿದ ಮಾತ್ರಕ್ಕೆ ಬಿಟ್ಟುಕೊಡುವ ಕಡೆ ಎಷ್ಟು ಸಿಸಿಟಿವಿ ಇದ್ದರೇನು? ಕ್ಯಾಮೆರಾ ಆದದ್ದನ್ನು ತೋರಿಸುತ್ತದೆ, ತಡೆಯುವುದಿಲ್ಲ.

ಕಾನೂನಿನ ಪ್ರಕಾರ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು. ತಾಯಿ ದಿನಕ್ಕೆ 4 ಸಲ ಅಲ್ಲಿಗೆ ಹೋಗಬಹುದು. ಖಾಸಗಿ ಡೇಕೇರಿನಲ್ಲೂ ಒಳಗೆ ಬಿಡುತ್ತೀರಾ ಎಂದು ಕೇಳಿ. ದಿನವೂ ವಾಟ್ಸ್ಆಪ್ ಫೋಟೊ ಬಂದರೆ ಖುಷಿಯೇ. ಆದರೆ ಮೊಣಕೈ ತರಚಿದ್ದನ್ನು ನೀವು ಕೇಳುವ ಮೊದಲೇ ಹೇಳುವ ಟೀಚರ್ ಅದಕ್ಕಿಂತ ದೊಡ್ಡವರು.

ಇನ್ನು ಫೀಸು. ತಿಂಗಳಿಗೆ 8,000 ಎನ್ನುವ ಕಡೆ ಊಟಕ್ಕೆ 2,000, ಆರರ ನಂತರ ಗಂಟೆಗೆ 150 ಎಂದಿಟ್ಟುಕೊಳ್ಳಿ. ತಿಂಗಳಲ್ಲಿ 20 ದಿನ ಒಂದೊಂದು ಗಂಟೆ ತಡವಾದರೆ ಒಟ್ಟು 13,000. ಏಳರವರೆಗೆ ಊಟ ಸೇರಿ 12,000 ಕೇಳುವ ಕಡೆಯೇ ಅಗ್ಗ. ಡಿಪಾಸಿಟ್ ವಾಪಸಾತಿ ನಿಯಮವನ್ನು ಬರಹದಲ್ಲಿ ಪಡೆಯಿರಿ. ಎಲ್ಲ ಸರಿಯಿದ್ದೂ ಒಳಗೆ ಬಿಡುವುದಿಲ್ಲ ಎಂದರೆ, ಅಲ್ಲಿ ಸೇರಿಸಬೇಡಿ.